ಹುಣಸೆಹಣ್ಣಿನಲ್ಲಿ ತೊಳೆದ ಆನೆ

ಜರ್ಮನಿಯ ಮ್ಯೂನಿಕ್ ಪಕ್ಕದ ನೊಯ್‌ಬಿಬರ್ಗ್‌ನ ಬಸಲಿಂಗವ್ವ ಓದಿದ್ದು ನಾಲ್ಕನೇ ಇಯತ್ತೆ. ಗಂಡ ಶರಣಪ್ಪ ಅಲ್ಲಿಯ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿದ್ದ. ಶ್ರಾವಣದಲ್ಲಿ ಸತ್ತ. ಕುರ್ಚಿಯ ಮೇಲೆ ಕೂತವನು ಏಳಲಿಲ್ಲ, ಅಷ್ಟೇ.

ಅವನು ಬಿಟ್ಟುಹೋದ ಕೆಲಸಗಳಲ್ಲಿ ಒಂದು ಮಾತ್ರ ಅವಳನ್ನು ಕಾಡುತ್ತಿತ್ತು. ಹುಬ್ಬಳ್ಳಿಯ ಹನೀಫ್ ಅವನ ಜತೆ ಕೆಲಸ ಮಾಡಿದವನು, ಈಗ ಅಲ್ಲೇ ಹತ್ತಿರದ ಉಂಟರ್‌ಫ್ಯೋರಿಂಗ್‌ನಲ್ಲಿ ಮನೆ. ಟಿಪ್ಪು ಕಾಲದ ಆನೆಯ ತಾಮ್ರದ ನಾಣ್ಯ ಕೂಡಿಡುವ ಹುಚ್ಚು ಅವನಿಗೆ. ನಾಣ್ಯದ ಒಂದು ಮಗ್ಗುಲಲ್ಲಿ ಆನೆ, ಇನ್ನೊಂದರಲ್ಲಿ ನಾಣ್ಯಕ್ಕೆ ಅಚ್ಚು ಹೊಡೆದ ಊರಿನ ಹೆಸರು, ಪಾರ್ಸಿ ಲಿಪಿಯಲ್ಲಿ. ಒಂದೊಂದು ಊರಿನ ಒಂದೊಂದು ನಮೂನೆಯ ಆನೆಯೂ ಬೇಕು ಅವನಿಗೆ. ಹದಿನಾರು ವರ್ಷ, ಪ್ರತಿ ರಂಜಾನ್ ಹಬ್ಬಕ್ಕೆ ಶರಣಪ್ಪ ಒಂದು ಆನೆ ಒಯ್ದು ಕೊಟ್ಟಿದ್ದ. ಒಂದು ಸಲವೂ ಹನೀಫನ ಹತ್ತಿರ ಆಗಲೇ ಇದ್ದದ್ದನ್ನು ಕೊಟ್ಟವನಲ್ಲ. ಖೋಟಾ ಕೊಟ್ಟವನಲ್ಲ.

ಈ ಹಬ್ಬಕ್ಕೆ ಆ ಆನೆ ತಪ್ಪಬಾರದು. ಬಸಲಿಂಗವ್ವ ಹಾಗೆಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಊರಿನಿಂದ ತರಿಸುವ ಹಾಗಿಲ್ಲ. ನೂರು ವರ್ಷ ದಾಟಿದ ನಾಣ್ಯವನ್ನು ದೇಶ ದಾಟಿಸಿದರೆ ಅಪರಾಧ. ಇಲ್ಲೇ ಹುಡುಕಬೇಕು. ಗಂಡನ ಚೀಲ ಬಿಚ್ಚಿದಳು. ಬಂಗಾರ ತೂಗುವಂಥ ಪುಟ್ಟ ತಕ್ಕಡಿ, ಭೂತಗನ್ನಡಿ, ಒಂದು ಪುಸ್ತಕ. ಪುಸ್ತಕದಲ್ಲಿ ಅವನ ಅಕ್ಷರ. “ಪೈಸೆ ಸುಮಾರು ಹನ್ನೊಂದು ಗ್ರಾಂ. ಎರಕದ್ದು ಬೇಡ. ಇದ್ದದ್ದು ಬೇಡ. ಮೊದಲು ಮೆಹಮೂದಾಗೆ ಫೋನು.”

ಫೋನು ಮಾಡಿದಳು. ಎತ್ತಿದವಳು ಹನೀಫನ ಹೆಂಡತಿ ಮೆಹಮೂದಾ. “ಅಕ್ಕಾ, ಭಾಯಿ ಹಿಂಗ ಕದ್ದು ಫೋನ್ ಮಾಡ್ತಿದ್ರು. ನಮ್ಮನಿಯವ್ರು ನಮಾಜಿಗೆ ಹೋದ ಹೊತ್ತು ನಾನು ಆಲ್ಬಂ ಫೋಟೋ ತೆಗೀತಿದ್ದೆ” ಅಂದಳು.

“ಈಗೂ ತೆಗಿ.”

ಫೋಟೋ ಬಂದವು. ನಾಣ್ಯದ ಜಾಗಗಳಲ್ಲಿ ಆರು ಖಾಲಿ. ಮೆಹಮೂದಾ ಉರ್ದು ಓದಿದವಳು. ಖಾಲಿ ಇದ್ದ ಆರೂ ಊರಿನ ಹೆಸರನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಕಳಿಸಿದಳು. ಮೊದಲನೆಯದು ಫರ್ರುಖ್‌ಯಾಬ್ ಹಿಸಾರ್. “ಅಂದ್ರ ನಮ್ಮ ಚಿತ್ರದುರ್ಗ, ಅಕ್ಕಾ. ಟಿಪ್ಪು ಇಟ್ಟ ಹೆಸರು.” ಬಸಲಿಂಗವ್ವ ಮೂರು ದಿನ ಆ ಅಕ್ಷರಗಳನ್ನು ರಂಗೋಲಿ ಕಲಿತ ಹಾಗೆ ಬೆರಳಿನಿಂದ ತಿದ್ದಿ ಕಲಿತಳು.

ಭಾನುವಾರ ಎಸ್-ಬಾನ್ ರೈಲು ಹತ್ತಿ ಮ್ಯೂನಿಕ್‌ನ ಮ್ಯುಂಟ್ಸ್‌ಬ್ಯೋರ್ಸೆಗೆ ಹೋದಳು. ದೊಡ್ಡ ಹಾಲಿನಲ್ಲಿ ನಡೆಯುವ ನಾಣ್ಯದ ಸಂತೆ ಅದು. ಗಂಡಸರೇ ತುಂಬಿದ್ದರು. ಎಲ್ಲರ ಕಣ್ಣಿಗೂ ಭೂತಗನ್ನಡಿ.

ಮೊದಲನೆಯ ಮೇಜಿನವನ ತಟ್ಟೆಯಲ್ಲಿ ಎರಡು ಆನೆಗಳಿದ್ದವು. ಅಗ್ಗ. ಅಕ್ಷರವೂ ಚಿತ್ರದುರ್ಗದ್ದೇ. ತೂಗಿದಳು, ಹನ್ನೊಂದಕ್ಕೆ ಹತ್ತಿರ. ಎರಡನ್ನೂ ಜೋಡಿಸಿಟ್ಟು ಭೂತಗನ್ನಡಿ ಹಿಡಿದಳು. ಒಂದು ಆನೆಯ ಹಿಂಗಾಲಿನ ಹತ್ತಿರ ಸಣ್ಣ ಗಾಯ. ಇನ್ನೊಂದರಲ್ಲೂ ಅಲ್ಲೇ, ಅಷ್ಟೇ ಗಾಯ.

ಬಸಲಿಂಗವ್ವ ಎಷ್ಟೋ ಸಾವಿರ ರೊಟ್ಟಿ ಬಡಿದವಳು. ಎರಡು ರೊಟ್ಟಿಗೆ ಒಂದೇ ಕಡೆ ಒಂದೇ ನಮೂನೆ ಕಲೆ ಬೀಳುವುದಿಲ್ಲ. ಕೈಯಿಂದ ಹೊಡೆದ ನಾಣ್ಯವೂ ಹಾಗೇ ಇರಬೇಕಲ್ಲ? ಇವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಕೂಸುಗಳು.

“ಒರಿಗಿನಾಲ್?” ಅಸಲಿಯೇ ಎಂದು ಕೇಳಿದಳು.

“ಯಾ, ಯಾ” ಅಂದ ಅವನು, ಫೋನಿನಿಂದ ತಲೆ ಎತ್ತದೆ.

“ನಿನ್ನ ಯಾ ನಿನ್ನ ಕಿಸೆದಾಗ ಇಟ್ಕೋ” ಎಂದು ಕನ್ನಡದಲ್ಲೇ ಹೇಳಿ ಮುಂದೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುದುಕನ ಮೇಜಿನಲ್ಲಿ ಸಿಕ್ಕಿತು. ಅಂಚು ಒಂದಿಷ್ಟು ಸೊಟ್ಟ. ಆನೆಯ ಬಾಲ ಅಂಚಿನ ಹೊರಗೆ ಹೋಗಿಬಿಟ್ಟಿದೆ, ಹೊಡೆತ ಪಕ್ಕಕ್ಕೆ ಬಿದ್ದು. ಬಣ್ಣ ಹಳೆಯ ಬೆಲ್ಲದ್ದು. ತೂಗಿದಳು, ಅಕ್ಷರ ಹೋಲಿಸಿದಳು, ಎರಡೂ ಮಗ್ಗುಲಿನ ಫೋಟೋ ತೆಗೆದು ಮೆಹಮೂದಾಗೆ ಕಳಿಸಿದಳು. “ಅದೇ ಅಕ್ಕಾ, ನಮ್ಮ ಹತ್ರ ಇಲ್ಲ” ಎಂದು ಉತ್ತರ ಬಂತು. ಮುದುಕ ರಸೀದಿ ಬರೆದು, ಖೋಟಾ ಆದರೆ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಸಹಿ ಹಾಕಿ ಕೊಟ್ಟ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಕೊಟ್ಟ. ಯಾಕೆ ಹಾಗೆ ಹಿಡಿದ ಎಂದು ಅವಳು ಯೋಚಿಸಲಿಲ್ಲ.

ಹಬ್ಬದ ಹಿಂದಿನ ದಿನ ದೇವರ ಜಗಲಿಯ ತಾಮ್ರದ ಚೊಂಬು, ತಟ್ಟೆ ತೊಳೆಯಲು ಕೂತಳು. ಹುಣಸೆಹಣ್ಣು, ಉಪ್ಪು. ಕೈ ತಾನೇ ತಿರುಗಿತು. ಚೊಂಬು ಆಯಿತು, ತಟ್ಟೆ ಆಯಿತು. ಪಕ್ಕದಲ್ಲಿ ಆ ಕಂದು ನಾಣ್ಯ. ಹಬ್ಬಕ್ಕೆ ಕೊಡುವ ತಾಮ್ರವನ್ನು ಹೀಗೆ ಮಸಿ ಹಿಡಿದ ಹಾಗೆ ಕೊಡುವುದೇ? ಉಜ್ಜಿದಳು. ಆನೆ ಕೆಂಪಗೆ ಮಿಂಚಿತು, ಆಗ ತಾನೇ ನೀರಿನಿಂದ ಎದ್ದ ಹಾಗೆ. ಹಿಗ್ಗಿ ಮೆಹಮೂದಾಗೆ ಫೋಟೋ ಕಳಿಸಿದಳು.

ಕ್ಷಣದಲ್ಲಿ ಫೋನು.

“ಅಯ್ಯೋ ಅಕ್ಕಾ! ಏನ್ ಹಚ್ಚಿದ್ರಿ ಅದಕ್ಕ?”

“ಹುಣಸೆಹಣ್ಣು. ಯಾಕ?”

ಮೆಹಮೂದಾ ಮೆಲ್ಲಗೆ ಹೇಳಿದಳು. ಆ ಕಂದು ಬಣ್ಣ ಇನ್ನೂರು ಚಿಲ್ಲರೆ ವರ್ಷ ಬೆಳೆದ ಚರ್ಮವಂತೆ. ತೊಳೆದರೆ ಹೋಯಿತು. ಮತ್ತೆ ಹಚ್ಚಲು ಬರುವುದಿಲ್ಲ. ಕೂಡಿಡುವವರು ತೊಳೆದ ನಾಣ್ಯ ಕಂಡರೆ ಮುಖ ತಿರುಗಿಸುತ್ತಾರೆ.

ಮುದುಕನಿಗೆ ವಾಪಸು ಕೊಡುವ ಹಾಗೂ ಇಲ್ಲ. ಖೋಟಾ ಅಲ್ಲ ಅದು, ಕೆಡಿಸಿದ್ದು ತಾನು. ಏಳು ತಿಂಗಳು ಬಿಗಿ ಹಿಡಿದಿದ್ದ ಅಳು ಹುಣಸೆಹಣ್ಣಿನ ಕೈಯಲ್ಲೇ ಬಂತು. ಕಣ್ಣು ಒರೆಸಿಕೊಂಡಳು, ಉರಿಯಿತು, ಇನ್ನಷ್ಟು ಅತ್ತಳು. “ನೀ ಇದ್ದಾಗ ಹೇಳಬಾರದಾಗಿತ್ತೇನು ಇದನ್ನ?” ಎಂದು ಖಾಲಿ ಕುರ್ಚಿಯನ್ನು ಬೈದಳು.

ಆದರೂ ಮರುದಿನ ಹೋದಳು. ಶೀರ್‌ಖುರ್ಮಾದ ಬಟ್ಟಲು ಮುಟ್ಟುವ ಮೊದಲೇ ನಾಣ್ಯವನ್ನು ಹನೀಫನ ಮುಂದೆ ಇಟ್ಟಳು.

“ಅಣ್ಣಾರ, ನಿಮ್ಮಲ್ಲಿ ಇಲ್ಲದ್ದು. ಖರೇದ್ದು. ಆದ್ರ ನಾ ತೊಳದು ಹಾಳ ಮಾಡೀನಿ.”

ಹನೀಫ್ ಅಂಚಿನಲ್ಲಿ ಹಿಡಿದು ನೋಡಿದ. ಅವನ ಮುಖ ಕಿವುಚಿತು, ಹಲ್ಲು ನೋವು ಬಂದವರ ಹಾಗೆ. ಅದನ್ನು ಅವನು ಮುಚ್ಚಿಡಲಿಲ್ಲ. ಹಿಂದೆ ತಿರುಗಿಸಿ ಅಕ್ಷರ ಓದಿದ. ಬಹಳ ಹೊತ್ತು ಓದಿದ.

“ಚಿತ್ರದುರ್ಗ” ಅಂದ. “ಒಂಬತ್ತು ವರ್ಷದಿಂದ ಹುಡುಕತಿದ್ವಿ ವೈನಿ, ಅಂವಾ ನಾನು.”

“ತೊಳದದ್ದು ಅದ.”

“ಹೌದು. ಚಲೋ ಆನಿಗೆ ಜಳಕಾ ಮಾಡ್ಸಿ ತಂದೀರಿ.”

ಮೆಹಮೂದಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬಸಲಿಂಗವ್ವ ನಗಲಿಲ್ಲ.

ಹನೀಫ್ ಆಲ್ಬಂ ತಂದ. ಒಂದೊಂದು ನಾಣ್ಯದ ಕೆಳಗೂ ಸಣ್ಣ ಚೀಟಿ: ಊರು, ತೂಕ, ವರ್ಷ, ಕೊಟ್ಟವರು. ಹದಿನಾರು ಚೀಟಿಗಳಲ್ಲಿ ಶರಣಪ್ಪ, ಶರಣಪ್ಪ. ಹೊಸ ಚೀಟಿ ತೆಗೆದು ಪೆನ್ನು ಹಿಡಿದು ನಿಂತ.

“ಅವರ ಹೆಸರೇ ಬರೀರಿ” ಅಂದಳು ಅವಳು.

“ತಂದವ್ರು ನೀವು. ಚೀಟಿ ಮ್ಯಾಲ ಸುಳ್ಳು ಬರದ್ರ ಅದೂ ಖೋಟಾನ ಆಗ್ತದ ವೈನಿ.”

“ಹಂಗಾರ ತೊಳದದ್ದು ಅನ್ನೂದೂ ಬರೀರಿ.”

ಬರೆದ. “ಬಸಲಿಂಗವ್ವ. ತೊಳೆದದ್ದು, ಹುಣಸೆಹಣ್ಣು.” ನಾಣ್ಯವನ್ನು ಖಾಲಿ ಜಾಗದಲ್ಲಿ ಕೂರಿಸಿದ. ಕಂದು ಆನೆಗಳ ನಡುವೆ ಅದೊಂದೇ ಕೆಂಪು ಆನೆ. ಪುಟ ತೆರೆದ ಕೂಡಲೇ ಕಣ್ಣಿಗೆ ಹೊಡೆಯುತ್ತಿತ್ತು.

ಬಸಲಿಂಗವ್ವ ಶೀರ್‌ಖುರ್ಮಾ ಬಟ್ಟಲು ಎತ್ತಿಕೊಂಡಳು. ಒಂದು ಚಮಚ ತಿಂದು ಕೇಳಿದಳು, “ಇನ್ನ ಎಷ್ಟು ಖಾಲಿ ಅದಾವ?”

“ಐದು.”

“ಹಂಗಾರ ಐದು ವರ್ಷ ಇರಬೇಕಾತು ನಾ.”

“ಇರ್ರಿ” ಅಂದ ಹನೀಫ್. ಆಲ್ಬಂ ಮುಚ್ಚಲು ಹೋದವನು ಮುಚ್ಚದೆ, ಅವಳಿಗೆ ಕಾಣುವ ಹಾಗೆ ತಿರುಗಿಸಿ ಇಟ್ಟ. “ಆದ್ರ ಹುಣಸೆಹಣ್ಣು ಸಾರಿಗೆ ಇಡ್ರಿ.”