ಹನ್ನೆರಡು ಮೈಲಿಯ ಒಳಗೆ

ನನ್ನ ಗಂಡ ಹಡಗಿನ ಕ್ಯಾಪ್ಟನ್ ಎಂದರೆ ವಿದ್ಯಾರಣ್ಯಪುರದ ನಮ್ಮ ಬೀದಿಯವರಿಗೆ ಅರ್ಧ ತಮಾಷೆ. "ಬೆಂಗಳೂರಲ್ಲಿ ಎಲ್ರೀ ಸಮುದ್ರ?" ಎಂದು ಕೇಳದವರಿಲ್ಲ. ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಗಂಡನನ್ನು ಬೇರೆ ದೇಶದ ನೌಕಾಪಡೆ ಹಿಡಿದುಕೊಂಡು ಹೋದ ಮೇಲೆ ಅದೇ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

ಸುದ್ದಿ ಬಂದಿದ್ದು ಕಂಪನಿಯ ಮುಂಬೈ ಆಫೀಸಿನಿಂದ, ನಾನು ಕುಕ್ಕರ್ ಇಟ್ಟಿದ್ದಾಗ. ಆ ದೇಶದ ಪ್ರಾದೇಶಿಕ ಸಮುದ್ರದಲ್ಲಿ ಅನುಮತಿ ಇಲ್ಲದೆ ಲಂಗರು ಹಾಕಿದ್ದಾರೆ, ಕ್ಯಾಪ್ಟನ್ನರನ್ನು ದಡಕ್ಕೆ ಕರೆದೊಯ್ದಿದ್ದಾರೆ, ಲಂಗರು ಎಲ್ಲಿ ಹಾಕಬೇಕೆನ್ನುವುದು ಕ್ಯಾಪ್ಟನ್ನರ ಜವಾಬ್ದಾರಿ ಎಂದರು. ಆ ಕೊನೆಯ ಮಾತನ್ನು ಮೂರು ಸಲ ಹೇಳಿದರು. ಆಗಲೇ ನನಗೆ ವಾಸನೆ ಹೊಡೆಯಿತು, ಇವರು ಕೈ ತೊಳೆದುಕೊಳ್ಳುತ್ತಿದ್ದಾರೆ ಎಂದು.

ಮಧ್ಯಾಹ್ನದ ಹೊತ್ತಿಗೆ ಮಾವ ಚಿಕ್ಕಜಾಲದಿಂದ ಬಂದರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿರುವ ಮನುಷ್ಯ. ಜೀವಮಾನವೆಲ್ಲ ಗಡಿ ತಕರಾರು ನೋಡಿದವರು. "ಅಲ್ಲ ಕಣಮ್ಮ, ನೀರ್ನಾಗೆ ಬಾಂದ್ ಕಲ್ ಎಲ್ ನೆಡ್ತಾರೆ? ಯಾರ್ದು ಎಲ್ಲೀವರ್ಗೂ ಅಂತ ಎಂಗೆ ಗೊತ್ತಾಗ್ತದೆ?" ಎಂದು ಸೋಫಾದ ಅಂಚಿನಲ್ಲಿ ಕೂತರು.

ಮದುವೆಯಾದ ಹೊಸದರಲ್ಲಿ ನಾನು ಗಂಡನ ಜೊತೆ ಹಡಗಿನಲ್ಲಿ ಇದ್ದವಳು. ನಕ್ಷೆಯ ಮೇಲೆ ಬೆರಳಿಟ್ಟು ಅವರು ಹೇಳಿಕೊಟ್ಟಿದ್ದನ್ನೇ ಮಾವನಿಗೆ ಊಟದ ಮೇಜಿನ ಮೇಲೆ ಗೆರೆ ಎಳೆದು ಹೇಳಿದೆ. ಕಡಲ ದಡದಲ್ಲಿ, ಅಥವಾ ದಡದಾಚೆಯ ದ್ವೀಪಗಳನ್ನು ಸೇರಿಸಿ, ಒಂದು ಆಧಾರ ರೇಖೆ ಇರುತ್ತದೆ. ಅಲ್ಲಿಂದ ಹನ್ನೆರಡು ನಾಟಿಕಲ್ ಮೈಲಿ ಆ ದೇಶದ್ದೇ ನೀರು. ಬೇರೆಯವರ ಹಡಗು ಅದರಲ್ಲಿ ತೊಂದರೆ ಕೊಡದೆ ಹಾದು ಹೋಗಬಹುದು, ನಿಲ್ಲುವಂತಿಲ್ಲ. ಇಪ್ಪತ್ತನಾಲ್ಕರವರೆಗೆ ಸಂಲಗ್ನ ವಲಯ. ಅಲ್ಲಿ ಸುಂಕ, ತೆರಿಗೆ, ವಲಸೆ, ಆರೋಗ್ಯ, ಇಷ್ಟರ ಕಾನೂನು ತಪ್ಪದಂತೆ ತಡೆಯಲು ಮಾತ್ರ ಅವರಿಗೆ ಹಕ್ಕು. ಇನ್ನೂರರವರೆಗೆ ವಿಶೇಷ ಆರ್ಥಿಕ ವಲಯ. ಮೀನು, ತಳದ ಎಣ್ಣೆ ಎಲ್ಲ ಅವರದು, ಹಡಗಿನ ದಾರಿ ಮಾತ್ರ ಎಲ್ಲರದು.

"ಅಂಗಾದ್ರೆ ನಮ್ಮೋನು ಹನ್ನೆರಡ್ರ ಒಳ್ಗಿದ್ನಾ?"

"ಹೂಂ ಮಾವ. ಒಳಗೇ ಇದ್ರು."

"ಗೊತ್ತಿದ್ದೂ ಯಾಕಮ್ಮ ಓದ?"

ನಕ್ಷೆ ನೋಡದೆ ಸ್ನಾನಕ್ಕೂ ಹೋಗದ ಮನುಷ್ಯ ಅವರು.

ಮಾವನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿನ ವಕೀಲರು ಇವರಿಂದ ಮೊದಲ ಫೋನ್ ಮಾಡಿಸಿಕೊಟ್ಟಾಗ. ಬಂದರಿನಲ್ಲಿ ಜಾಗ ಸಿಗುವ ತನಕ ಹಡಗು ಹೊರಗೆ ತೇಲುತ್ತ ನಿಂತಿತ್ತು, ಹದಿನಾಲ್ಕು ಮೈಲಿಯಾಚೆ. ಅದು ತಪ್ಪಲ್ಲ, ಎಲ್ಲರೂ ಹಾಗೆಯೇ ಕಾಯುತ್ತಾರೆ. ಸಂಜೆ ಎಂಜಿನ್ನಿನ ತಂಪುನೀರಿನ ಪೈಪು ಒಡೆದು ಎಂಜಿನ್ ನಿಂತಿತು. ಸೆಳೆತ ಹಡಗನ್ನು ದಡದ ಕಡೆಗೆ, ಬಂಡೆಗಳ ಕಡೆಗೆ ಒಯ್ದಿತು. ಆಳ ಕಡಿಮೆಯಾದಲ್ಲಿ ಇವರು ಲಂಗರು ಬಿಟ್ಟರು. ಹಡಗು, ಜನ ಎರಡೂ ಉಳಿದವು. ಬೆಳಕಾಗುವಷ್ಟರಲ್ಲಿ ಪೈಪು ಸರಿಯಾಗಿತ್ತು. ಲಂಗರು ಎತ್ತುವ ಮೊದಲೇ ಗಸ್ತಿನ ದೋಣಿ ಬಂದಿತ್ತು.

"ಹಾಗಾದ್ರೆ ತಪ್ಪೇ ಇಲ್ವಲ್ಲ ರೀ!" ಎಂದು ಕೂಗಿದೆ. ಅಪಾಯದಲ್ಲಿದ್ದ ಹಡಗು ಆ ಹನ್ನೆರಡರೊಳಗೂ ಲಂಗರು ಹಾಕಬಹುದು, ಕಾನೂನಿನಲ್ಲೇ ಅದಕ್ಕೆ ವಿನಾಯಿತಿ ಇದೆ. ನನಗೇ ಗೊತ್ತಿರುವುದು ಇವರಿಗೆ ಗೊತ್ತಿರಲಿಲ್ಲವೇ?

ಎಂಜಿನ್ ನಿಂತ ಸುದ್ದಿ ರೇಡಿಯೋದಲ್ಲಿ ದಡಕ್ಕೆ ಹೇಳಬೇಡಿ ಎಂದು ಕಂಪನಿಯಿಂದ ಫೋನ್ ಬಂದಿತ್ತಂತೆ. ಹೇಳಿದರೆ ತಪಾಸಣೆ, ಹಡಗು ವಾರಗಟ್ಟಲೆ ನಿಲ್ಲುತ್ತದೆ, ಸರಕಿನವರು ಬೇರೆ ಹಡಗು ನೋಡಿಕೊಳ್ಳುತ್ತಾರೆ. ಇವರು ಹೇಳಲಿಲ್ಲ. ನೌಕಾಪಡೆಯವರು ಹತ್ತಿ ಯಾಕೆ ನಿಂತಿದ್ದೀರಿ ಎಂದಾಗಲೂ, "ಬಂದರಿನ ಜಾಗಕ್ಕೆ ಕಾಯ್ತಿದ್ದೀವಿ" ಎಂದುಬಿಟ್ಟಿದ್ದರು. ಈಗ ಎಂಜಿನ್ ಕೆಟ್ಟಿತ್ತು ಎಂದರೆ ಯಾರು ನಂಬುತ್ತಾರೆ? ಕಣ್ಣಾರೆ ಕಂಡವರು ಬಂದು ಹೇಳಬೇಕು ಎಂದಿದ್ದರು ವಕೀಲರು. ಎಂಜಿನ್ ಕೋಣೆಯಲ್ಲಿ ನಿಂತು ಪೈಪು ಕಟ್ಟಿದವರು ಚೀಫ್ ಎಂಜಿನಿಯರ್. ಉಳಿದ ಸಿಬ್ಬಂದಿಯ ಜೊತೆ ಅವರನ್ನೂ ಮನೆಗೆ ಕಳಿಸಿದ್ದರು. ಮನೆ ಆರ್.ಟಿ. ನಗರದಲ್ಲಿ. ಇವರ ಮಾತಿನ ಮೇಲೆಯೇ ಆ ಕಂಪನಿ ಸೇರಿದವರು.

ಮರುದಿನವೇ ಹೋದೆ. ಹೆಬ್ಬಾಳದ ಫ್ಲೈಓವರ್ ಹತ್ತಿರ ಬಸ್ಸು ತೆವಳುತ್ತಿದ್ದಾಗಲೂ ಮನಸ್ಸು ಹಗುರವಾಗಿತ್ತು. ನಿಜ ಹೇಳುವುದಕ್ಕೆ ಯಾರಿಗೆ ಕಷ್ಟ?

ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಚೀಫ್ ನನ್ನ ಮುಖ ನೋಡದೆ ಮಾತಾಡಿದರು.

"ಮೇಡಂ, ಪೈಪ್ ಒಡೆದಿದ್ದು ನಿಜ. ಕ್ಯಾಪ್ಟನ್ ಸಾಹೇಬ್ರು ಆ್ಯಂಕರ್ ಬಿಡದೇ ಇದ್ದಿದ್ರೆ ನಾವ್ಯಾರೂ ಇರ್ತಿರ್ಲಿಲ್ಲ."

"ಅಷ್ಟೇ ಹೇಳಿ ಸರ್. ಕೋರ್ಟಲ್ಲಿ ಅಷ್ಟೇ ಹೇಳಿದ್ರೆ ಸಾಕು."

"ಆಗಲ್ಲ ಮೇಡಂ. ಕಂಪನಿಯವರು ಫೋನ್ ಮಾಡಿದ್ರು. ಇಷ್ಟರಲ್ಲೇ ಇನ್ನೊಂದು ಶಿಪ್ಪಿಗೆ ಕಳಿಸ್ತಾರಂತೆ. ಈಗ ನಾನ್ ಬಾಯಿಬಿಟ್ರೆ ನನ್ನನ್ನ ಯಾರೂ ಹತ್ತಿಸ್ಕೊಳ್ಳಲ್ಲ. ಪೈಪ್ ಒಡೆದ ವಿಷ್ಯ ಲಾಗ್ ಬುಕ್ಕಲ್ಲೂ ಬರೆದಿಲ್ಲ, ಅವತ್ತು ಬರೀಬೇಡಿ ಅಂದಿದ್ರು."

"ನಮ್ಮನೆಯವ್ರು ಜೈಲಲ್ಲಿದಾರೆ ಸರ್!"

"ಗೊತ್ತು ಮೇಡಂ. ಕಾಫಿ ಆರಿಹೋಗ್ತಿದೆ, ತಗೊಳ್ಳಿ."

ಆ ಲೋಟವನ್ನು ಅವರ ಮುಖಕ್ಕೆ ಎರಚಬೇಕು ಅನ್ನಿಸಿತು. ಎರಚಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಜೀವ ಉಳಿಸಿದವನಿಗೆ ಇದೇನಾ ಮರ್ಯಾದೆ ಎಂದು ಬೀದಿಯಲ್ಲಿ ನಿಂತು ಗಟ್ಟಿಯಾಗಿಯೇ ಹೇಳಿದೆ. ತರಕಾರಿ ಗಾಡಿಯವನು ತಿರುಗಿ ನೋಡಿದ.

ಮಾವ ಮಾತ್ರ ಬಿಡಲಿಲ್ಲ. ಪರಿಚಯದ ರಾಜಕಾರಣಿಯ ಮನೆಗೆ, ಸಂಜಯನಗರದ ವಕೀಲರೊಬ್ಬರ ಬಳಿಗೆ ನನ್ನನ್ನೂ ಕರೆದುಕೊಂಡು ಓಡಾಡಿದರು. ಆ ವಕೀಲರು ಪಾಪ, ಇದ್ದದ್ದನ್ನೇ ಹೇಳಿದರು. ಇದೇ ಹಡಗು ಹನ್ನೆರಡರ ಗೆರೆಯಿಂದ ಎರಡು ಮೈಲಿ ಆಚೆ ಸುಮ್ಮನೆ ತೇಲುತ್ತ ಸಿಕ್ಕಿದ್ದರೆ ಆ ದೇಶದವರು ಮುಟ್ಟುವಂತಿರಲಿಲ್ಲ. ಒಳಗೆ ಬಂದು ಲಂಗರು ಹಾಕಿದ ಮೇಲೆ ಅಲ್ಲಿನ ಕಾನೂನು, ಅಲ್ಲಿನ ಕೋರ್ಟು. ದೂತಾವಾಸದವರು ಊಟ ಔಷಧಿ ವಿಚಾರಿಸಬಹುದು, ತೀರ್ಪು ಬದಲಿಸಲಾರರು. ಹೊರಗೆ ಬಂದ ಮಾವ ಸ್ಕೂಟರಿನ ಸೀಟು ಹಿಡಿದುಕೊಂಡು, "ಎಲ್ಡು ಮೈಲಿ ಕಣಮ್ಮ, ನಮ್ಮೂರಿಂದ ಏರ್‌ಪೋರ್ಟ್ ಅಷ್ಟು ದೂರಾನೂ ಇಲ್ಲ" ಎಂದು ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ವಿಚಾರಣೆ ಬೇಗ ಮುಗಿಯಿತು. ಅಪಾಯವಿತ್ತು ಎಂಬುದಕ್ಕೆ ಸಾಕ್ಷಿ ಇಲ್ಲ, ಆರೋಪಿ ಮೊದಲ ದಿನ ಹೇಳಿದ್ದೇ ಬೇರೆ. ಒಂದು ವರ್ಷ ಸಜೆ. ಹಡಗನ್ನು ಬಿಟ್ಟರು, ಕಂಪನಿ ಹೊಸ ಕ್ಯಾಪ್ಟನ್ ಕಳಿಸಿತು.

ಆಮೇಲೆ ಇವರ ಫೋನ್ ಬಂದಾಗ ನಾನು ಚೀಫ್‌ಗೆ ಹಿಡಿಶಾಪ ಹಾಕಿದೆ. ನಿಮ್ಮ ಅನ್ನ ತಿಂದವನು, ನಿಮ್ಮಿಂದ ಬದುಕಿದವನು, ಅವನ ಬಾಯಿಗೆ ಮಣ್ಣು ಬೀಳಲಿ ಎಂದೆ. ಇವರು ಕೊನೆಯ ತನಕ ಕೇಳಿದರು.

"ಅವನನ್ನ ಬೈಬೇಡ ಕಣೇ."

"ಯಾಕ್ ಬೈಬಾರ್ದು?"

"ರೇಡಿಯೋ ನನ್ನ ಕೈಯಲ್ಲೇ ಇತ್ತು. ಒಂದ್ ಮಾತು ಹೇಳಿದ್ರೆ ಸಾಕಿತ್ತು. ಹೇಳ್ಬೇಡ ಅಂದ್ರು, ನಾನೂ ಹೇಳ್ಲಿಲ್ಲ. ಅವ್ನು ಮಾಡಿದ್ದೂ ಅದೇ ತಾನೆ."

ಬಯ್ಯಲು ಒಬ್ಬ ಮನುಷ್ಯನಾದರೂ ಇದ್ದ, ಅವನನ್ನೂ ಇವರು ಕಿತ್ತುಕೊಂಡರು. ಆ ಕಡೆ ಯಾರೋ ಸಮಯ ಮುಗಿಯಿತು ಎಂಬಂತೆ ಅವರ ಭಾಷೆಯಲ್ಲಿ ಗದರಿದರು. ಇವರು ಕೂಡಲೇ, ಮರ್ಯಾದೆಯಿಂದ, "ಯೆಸ್ ಸರ್" ಎಂದು ಫೋನ್ ಇಟ್ಟರು.