ಸಗಣಿ ಹುಳಕ್ಕೆ ಸಿಕ್ಕ ನಿರ್ದೇಶಕರ ಮಾತು

ಬೇರೆಯವರ ಜಾಣತನವನ್ನು ಒಂದು ಪುಟಕ್ಕೆ ಇಳಿಸುವುದೇ ನಮ್ಮ ಭಾವನ ಹೊಟ್ಟೆಪಾಡು. ಹುಲ್ಲುಗಾವಲುಗಳ ಸಂಶೋಧನಾ ಸಂಸ್ಥೆಯೊಂದರಲ್ಲಿ ಅವರು ಪತ್ರಿಕಾ ಪ್ರಕಟಣೆ ಬರೆಯುತ್ತಾರೆ. ವಿಜ್ಞಾನಿಗಳು ವರ್ಷಗಟ್ಟಲೆ ಬಿಸಿಲಲ್ಲಿ ಬೆಂದು ಕಂಡುಕೊಂಡದ್ದನ್ನು ಭಾವ ಊಟದ ಹೊತ್ತಿಗೆ ಮುಗಿಸಿಬಿಡುತ್ತಾರೆ. ಅಕ್ಕ ಅವರನ್ನು ಕರೆಯುವುದೇ "ಒಂದು ಪುಟದ ಯಜಮಾನರು" ಎಂದು.

ಆ ಒಂದು ಪುಟಕ್ಕೂ ಪದ್ಧತಿಯಿದೆ. ಮೇಲೆ ಸಂಸ್ಥೆಯ ಲಾಂಛನ, ಅದರ ಕೆಳಗೆ ನಿರ್ದೇಶಕರ ಭಾವಚಿತ್ರ, ಆಮೇಲೆ ಅವರ ಪದವಿಗಳು. ಉಳಿದ ಜಾಗದಲ್ಲಿ ವಿಜ್ಞಾನ ಮುದುರಿಕೊಂಡು ಕೂರಬೇಕು. ಕರಡು ಮೂರು ಮೇಜು ದಾಟುತ್ತದೆ, ಪ್ರತಿ ಮೇಜಿನಲ್ಲೂ ಒಂದು ಕತ್ತರಿ. ನಿರ್ದೇಶಕರು ಹೇಳಿದರೆಂದು ಹಾಕುವ ಮಾತನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಅದನ್ನೂ ಭಾವನೇ ಬರೆಯುತ್ತಾರೆಂದು ಎಲ್ಲರಿಗೂ ಗೊತ್ತು. ಆದರೂ ಮುಟ್ಟುವುದಿಲ್ಲ.

ಒಂದು ದಿನ ಹುಳದ ಮೇಡಂ ಬಂದಳು. ಸಂಸ್ಥೆಯ ಕಿರಿಯ ವಿಜ್ಞಾನಿಗೆ ಆಫೀಸಿನವರಿಟ್ಟ ಹೆಸರದು. ಊರಾಚೆಯ ಹುಲ್ಲುಗಾವಲಿನಲ್ಲಿ ನೆಲದೊಳಗೆ ಬಟ್ಟಲು ಹೂತು, ಮೇಲೆ ಸಗಣಿಯ ಉಂಡೆ ತೂಗುಹಾಕಿ, ಒಳಗೆ ಬಿದ್ದ ಸಗಣಿ ಹುಳಗಳನ್ನು ಅವಳು ಎಣಿಸಿದ್ದಳು. ತೀರಾ ಹೆಚ್ಚು ಮೇಯಿಸಿದ ಕಡೆ ಹುಳಗಳು ಕಡಿಮೆಯಿದ್ದವು.

"ದನ ಜಾಸ್ತಿ ಇದ್ರೆ ಸಗಣಿ ಜಾಸ್ತಿ. ಹುಳಕ್ಕೆ ಸುಗ್ಗಿ ಅಲ್ವೇನಮ್ಮ?" ಎಂದರು ಭಾವ.

"ಎಲ್ರೂ ಹಾಗೇ ಅಂದ್ಕೋತಾರೆ ಸಾರ್. ಅಲ್ಲಿ ಹುಲ್ಲಿಲ್ಲ, ನೆರಳಿಲ್ಲ, ಸಗಣಿ ಬೇಗ ಒಣಗುತ್ತೆ. ತುಳಿದೂ ತುಳಿದೂ ನೆಲ ಗಟ್ಟಿಯಾಗಿರುತ್ತೆ, ಹುಳ ಬಿಲ ತೋಡೋದು ಕಷ್ಟ. ಇವೇ ಕಾರಣ ಇರಬಹುದು ಅಂತಷ್ಟೇ ಬರೀರಿ, ನಾವಿನ್ನೂ ಪರೀಕ್ಷೆ ಮಾಡಿಲ್ಲ."

ಅವಳು ಎದ್ದವಳು ಮತ್ತೆ ಕೂತಳು. "ಮಿತವಾಗಿ ಮೇಯಿಸಿದ ಕಡೆ ಹುಳ ಚೆನ್ನಾಗಿದ್ವು. ಆ ಸಾಲು ಮಾತ್ರ ಬಿಡಬೇಡಿ ಸಾರ್. ಬಿಟ್ರೆ ದನ ಬರದ ಹಾಗೆ ಹುಲ್ಲುಗಾವಲಿಗೆ ಬೇಲಿ ಹಾಕಿಬಿಡ್ತಾರೆ, ಆ ಮಾತು ಆಗ್ಲೇ ನಡೀತಿದೆ. ದನ ಮೇಯಿಸೋರಿಗೆ, ನಿಮ್ಮನ್ನ ಓಡಿಸೋಕೆ ಬಂದಿಲ್ಲ ಅಂತ ಮಾತು ಕೊಟ್ಟಿದೀನಿ."

ಭಾವ ಒಪ್ಪಿ ಬರೆದರು. ಕರಡು ಹೊರಟಿತು.

ಮೊದಲ ಮೇಜಿನ ಭಾಷಾ ಪರಿಶೀಲಕರು ಸಂಸ್ಥೆಯ ಕಾಗದ ನಾರಬಾರದೆಂದು "ಸಗಣಿ"ಯನ್ನು "ಗೋಜನ್ಯ ಪದಾರ್ಥ" ಮಾಡಿದರು. ಎರಡನೆಯ ಮೇಜಿನ ಆಡಳಿತಾಧಿಕಾರಿ "ಇರಬಹುದು" ಎಂದಿದ್ದಲ್ಲೆಲ್ಲ "ಇದೆ" ಎಂದು ತಿದ್ದಿದರು. ಇಷ್ಟು ದೊಡ್ಡ ಕಟ್ಟಡದಲ್ಲಿ ಕೂತು ಅನುಮಾನ ಪಡುವುದು ಅವರಿಗೆ ಸರಿಕಾಣಲಿಲ್ಲ. ಮೂರನೆಯ ಮೇಜಿನ ಉಪನಿರ್ದೇಶಕರು ಜಾಗವಿಲ್ಲವೆಂದು ಮಿತವಾಗಿ ಮೇಯಿಸಿದ ಕಡೆಯ ಸಾಲನ್ನು ಹೊಡೆದು, "ದನಗಳನ್ನು ತೆರವುಗೊಳಿಸಿದರೆ ಹುಳಗಳು ಮರಳುತ್ತವೆ" ಎಂದು ಸೇರಿಸಿದರು.

"ಸಾರ್, ದನಾನೇ ಹೋದ್ರೆ ಹುಳ ಏನ್ ತಿನ್ನುತ್ತೆ?" ಎಂದರು ಭಾವ.

"ಅದು ಮುಂದಿನ ಸಂಶೋಧನೆ ಕಣ್ರೀ."

ಸಂಜೆ ಭಾವ ಚಹಾದ ಲೋಟ ಹಿಡಿದು ಎಲ್ಲವನ್ನೂ ಹೇಳಿಕೊಂಡರು. ಅಕ್ಕ ಬಟ್ಟೆ ಮಡಿಸುತ್ತಲೇ ಕೇಳಿದಳು. "ನಿಮ್ಮ ಸಾಹೇಬರ ಮಾತನ್ನ ಯಾರೂ ಮುಟ್ಟಲ್ಲ ಅಂತೀರಲ್ಲ. ಅದರೊಳಗೇ ತುರುಕಿ."

"ಸಾಹೇಬರ ಬಾಯಿಗೆ ಸಗಣಿ ಹಾಕು ಅಂತೀಯಾ?"

"ಹುಳಕ್ಕೆ ಅನ್ನ ಅಲ್ವಾ ಅದು? ಹಾಕಿ."

ಮರುದಿನ "ಇದು ನಮಗೆಲ್ಲ ಹೆಮ್ಮೆಯ ಕ್ಷಣ" ಎಂಬ ನಿರ್ದೇಶಕರ ಎಂದಿನ ಮಾತನ್ನು ತೆಗೆದು, ಭಾವ ಹೊಸದು ಬರೆದರು: "ಈ ಹುಲ್ಲುಗಾವಲಿನ ಹುಳಗಳಿಗೆ ದನದ ಸಗಣಿಯೇ ಮುಖ್ಯ ಆಹಾರ. ಮಿತವಾಗಿ ಮೇಯಿಸಿದ ಕಡೆ ಅವು ಚೆನ್ನಾಗಿದ್ದವು, ತೀರಾ ಹೆಚ್ಚು ಮೇಯಿಸಿದ ಕಡೆ ಕಡಿಮೆಯಿದ್ದವು. ಗಟ್ಟಿ ನೆಲ, ಒಣಗಿದ ಸಗಣಿ ಇದಕ್ಕೆ ಕಾರಣ ಇರಬಹುದು."

ನಿರ್ದೇಶಕರು ಎಂದಿನಂತೆ ತಮ್ಮ ಮಾತನ್ನಷ್ಟೇ ಓದಿದರು. "ನಾನು ಹೀಗಂದ್ನಾ?"

"ನೀವಂದ್ರೇ ಜನ ಕೇಳೋದು ಸಾರ್. ಒಪ್ಪಿಗೆ ಇದ್ಯಾ?"

ಅವರು ಇನ್ನೊಮ್ಮೆ ಓದಿ, ತಮ್ಮ ಬುದ್ಧಿಗೆ ತಾವೇ ತಲೆದೂಗಿ, ಸಹಿ ಹಾಕಿದರು.

ಕಾಗದ ಅದೇ ದಾರಿಯಲ್ಲಿ ವಾಪಸು ಇಳಿಯಿತು. ನಿರ್ದೇಶಕರ ಅಭಿಪ್ರಾಯಕ್ಕೆ ವಿರುದ್ಧವಾಗುತ್ತದೆಂದು ಉಪನಿರ್ದೇಶಕರು ತಮ್ಮ ಸಾಲಿಗೆ ತಾವೇ ಗೀಟೆಳೆದರು. "ಇರಬಹುದು" ಎಂಬುದರಲ್ಲೊಂದು ಗಾಂಭೀರ್ಯವಿದೆಯೆಂದು ಆಡಳಿತಾಧಿಕಾರಿಗೆ ಹೊಳೆಯಿತು. "ಸಗಣಿ ಅಚ್ಚ ಕನ್ನಡ ಪದ ಕಣ್ರೀ" ಎಂದರು ಭಾಷಾ ಪರಿಶೀಲಕರು.

ಪ್ರಕಟಣೆ ಪತ್ರಿಕೆಗಳಲ್ಲಿ ಬಂತು. ಬೇಲಿಯ ಮಾತು ನಿಂತಿತು. ಹುಲ್ಲುಗಾವಲನ್ನು ಭಾಗ ಮಾಡಿ, ಒಂದೊಂದು ಭಾಗಕ್ಕೂ ಬಿಡುವು ಕೊಟ್ಟು ಮೇಯಿಸುವುದೆಂದು ಊರಿನ ಸಭೆಯಲ್ಲಿ ತೀರ್ಮಾನವಾಯಿತು. ದನ ಮೇಯಿಸುವವರು ಬಂದು ನಿರ್ದೇಶಕರಿಗೆ ಕೈಮುಗಿದರು.

ನಿರ್ದೇಶಕರು ಫೋಟೋಕ್ಕೆಂದು ಹುಲ್ಲುಗಾವಲಿಗೂ ಹೋದರು. ಮೂಗಿಗೆ ಕರವಸ್ತ್ರ ಹಿಡಿದು ಹುಳದ ಮೇಡಂಗೆ ವಿವರಿಸಿದರು: "ನೋಡಮ್ಮಾ, ಮಿತವಾಗಿ ಮೇಯಿಸಿದ್ರೆ ಹುಳ ಚೆನ್ನಾಗಿರುತ್ತೆ."

"ಹೌದಾ ಸಾರ್?" ಎಂದಳು ಅವಳು, ಭಾವನ ಕಡೆ ನೋಡದೆ. ನೋಡಿದ್ದರೆ ನಕ್ಕುಬಿಡುತ್ತಿದ್ದಳು.

ಭಾವ ಹಿಂದೆ ನಿಂತು ನೆಲ ನೋಡುತ್ತಿದ್ದರಂತೆ. ಒಂದು ಹುಳ ತಲೆ ತಗ್ಗಿಸಿ, ಹಿಂಗಾಲಲ್ಲಿ ಸಗಣಿಯುಂಡೆ ತಳ್ಳಿಕೊಂಡು ನಿರ್ದೇಶಕರ ಬೂಟಿನ ಪಕ್ಕದಲ್ಲೇ ಹೋಯಿತು. ದೇವರು ಅದಕ್ಕೂ ಒಂದು ಕೆಲಸ ಕೊಟ್ಟು ಕಳಿಸಿದ್ದಾನೆ. ಫೋಟೋದಲ್ಲಿ ಅದು ಬಂದಿಲ್ಲ.

"ನೀವಾದ್ರೂ ಬಂದಿದ್ದೀರಾ?" ಎಂದು ಮನೆಯಲ್ಲಿ ಅಕ್ಕ ಕೇಳಿದಳು.

"ಜಾಗ ಇರ್ಲಿಲ್ಲ ಕಣೇ," ಎಂದರು ಭಾವ.