ತಂಗಿಯಂತೆ ಬೆಳೆದವಳು ಎರಡು ಕಡೆ ಬರೆಸಿಕೊಂಡದ್ದು

ಅಪ್ಪ ಹೋದ ಮೇಲೂ ಕಣಗಲಾ ಕಡೆಯ ಹೊಲ ಅಪ್ಪನ ಹೆಸರಿನಲ್ಲೇ ಉಳಿದಿತ್ತು. ಅದನ್ನು ವಾರಸುದಾರರ ಹೆಸರಿಗೆ ಏರಿಸಬೇಕಾದರೆ ಮೊದಲು ವಂಶಾವಳಿ ಬೇಕು. ಹೊಲ ಉಳುತ್ತಿದ್ದವನು ತಮ್ಮ. ಆದರೆ ಅರ್ಜಿ ತುಂಬುವ ಕೆಲಸ ನನಗೆ ಬಂತು. ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳು, ಕಾಗದ ಕೆಡಿಸುವುದಿಲ್ಲ ಎಂದು ಮನೆಯವರ ನಂಬಿಕೆ. ನಿವೃತ್ತಿಯಾದರೂ ನನ್ನ ದಿನಚರಿ ಬದಲಾಗಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಹಾಸಿಗೆಯ ಮೂಲೆಗಳನ್ನು ಎಳೆದು ಕಟ್ಟದೆ ಚಹಾ ಕುಡಿಯುವವಳಲ್ಲ ನಾನು. ಆದರೆ ಈ ಕೆಲಸ ನನ್ನನ್ನು ದಣಿಸಿತು.

ತಮ್ಮ ಗೋಕಾಕದ ನನ್ನ ಮನೆಗೆ ತಾನು ಬರೆದ ಕಚ್ಚಾ ಪ್ರತಿ ಹಿಡಿದು ಬಂದ. ‘ಮೃತರೊಂದಿಗೆ ಸಂಬಂಧ’ ಎಂಬ ಜಾಗದಲ್ಲಿ ತನ್ನ ಮಕ್ಕಳ ಮುಂದೆ ‘ಮುತ್ಯಾ’, ಅಂದರೆ ಅಜ್ಜ, ಎಂದು ಬರೆದಿದ್ದ.

“ಇದೇನೋ? ಮಕ್ಕಳು ನಮ್ಮಪ್ಪಗ ಮುತ್ಯಾ ಆದ್ರನು?”

“ಹಂಗs ಕರೀತಾರಲ್ಲ ಅಕ್ಕಾ.”

“ಅವರು ಏನಂತ ಕರೀತಾರಂತ ಕೇಳಿಲ್ಲ. ಸತ್ತವರಿಗೆ ಇವರು ಏನಾಗಬೇಕು ಅಂತ ಕೇಳ್ಯಾರ. ಮೊಮ್ಮಕ್ಕಳು ಅಂತ ಬರಿ.”

ಆ ಪ್ರತಿಯನ್ನು ಬದಿಗಿಟ್ಟು ನಾನು ಬೇರೆ ಹಾಳೆ ತೆಗೆದುಕೊಂಡೆ. ನಡುವೆ ಗೆರೆ ಎಳೆದೆ. ಒಂದು ಕಡೆ ಅಪ್ಪನ ಕಡೆಯವರು, ಇನ್ನೊಂದು ಕಡೆ ಅವ್ವನ ಕಡೆಯವರು. ಪ್ರತಿಯೊಬ್ಬರೂ ಯಾರನ್ನು ಏನೆಂದು ಕರೆಯುತ್ತಾರೆ ಎಂದು ಮೊದಲು ಬರೆದುಕೊಂಡು, ಆಮೇಲೆ ಅದನ್ನು ಅರ್ಜಿಯ ಮಾತಿಗೆ ತಿರುಗಿಸುವುದು ನನ್ನ ಲೆಕ್ಕ. ಕಾಕಾ ಎಂದರೆ ಅಪ್ಪನ ತಮ್ಮ. ಮಾಮಾ ಎಂದರೆ ಅವ್ವನ ಅಣ್ಣ ಅಥವಾ ತಮ್ಮ. ಅತ್ತಿ ಎಂದರೆ ಮಾತ್ರ ಕೇಳಿ ನೋಡಬೇಕು. ಅಪ್ಪನ ಅಕ್ಕತಂಗಿಯರೂ ಅತ್ತಿ, ಮಾಮಾನ ಹೆಂಡತಿಯೂ ಅತ್ತಿ, ಗಂಡನ ತಾಯಿಯೂ ಅತ್ತಿ.

ಗೆರೆ ಬಹಳ ಹೊತ್ತು ಉಳಿಯಲಿಲ್ಲ. ನನ್ನ ಅಕ್ಕನನ್ನು ಮೂಡಲಗಿಗೆ ಕೊಟ್ಟಿತ್ತು. ಅವಳಿಗೆ ಒಬ್ಬ ಮಗ, ಒಬ್ಬ ಮಗಳು. ಆ ಮಗಳನ್ನೇ ಸೋದರಮಾವನಾದ ನನ್ನ ತಮ್ಮನಿಗೆ ತಂದುಕೊಂಡೆವು. ನಮ್ಮಲ್ಲಿ ಅದು ಹೊಸದಲ್ಲ. ಮದುವೆಯಾದ ಮೇಲೂ ಅವಳು ನನ್ನನ್ನು ಚಿಗವ್ವ, ಚಿಕ್ಕಮ್ಮ ಎಂದೇ ಕರೆಯುತ್ತಾಳೆ. ಅವಳ ಮಕ್ಕಳಿಗೆ ಅಪ್ಪನ ಕಡೆಯಿಂದ ನಾನು ಅತ್ತಿ, ಅವ್ವನ ಕಡೆಯಿಂದ ಆಯಿ, ಅಂದರೆ ಅಜ್ಜಿ. ಅವರು ಅತ್ತಿಯನ್ನೇ ಆರಿಸಿಕೊಂಡಿದ್ದಾರೆ. ನನ್ನ ಅವ್ವ ಅವಳಿಗೆ ಅತ್ತೆಯಾಗಿದ್ದರೂ ಕೊನೆಯವರೆಗೂ ಆಯಿಯೇ ಆಗಿದ್ದಳು. ಅಕ್ಕ ಬೇಗ ತೀರಿಕೊಂಡದ್ದರಿಂದ ಈ ಹುಡುಗಿ ನಮ್ಮ ಮನೆಯಲ್ಲಿ ನನ್ನ ತಂಗಿಯಂತೆಯೇ ಬೆಳೆದಳು.

ಮರುದಿನ ಅವಳು ನನ್ನ ಮನೆಗೆ ಬಂದು, ನಾನು ಒಪ್ಪ ಮಾಡಿದ ಹಾಳೆಯನ್ನು ಓದಿಸಿಕೊಂಡಳು.

“ನಮ್ಮವ್ವನ ಕೆಳಗ ಯಾರನ್ನ ಬರದಿ ಚಿಗವ್ವಾ?”

“ನಿಮ್ಮಣ್ಣನ್ನ.”

“ಮತ್ತ ನನ್ನ?”

“ನೀ ಇಲ್ಲಿದ್ದೀಯಲ್ಲ, ಗಂಡನ ಬಾಜೂ. ಸೊಸಿ.”

“ಅಂದ್ರ ನಮ್ಮವ್ವಗ ನಾ ಹುಟ್ಟೇ ಇಲ್ಲ ಅಂದಂಗಾತು.”

ಅವಳ ಜಾಗವನ್ನು ಮಾತ್ರ ತಮ್ಮನ ಕಚ್ಚಾ ಪ್ರತಿಯಲ್ಲಿ ಹೇಗಿತ್ತೋ ಹಾಗೆಯೇ ನಾನೂ ಇಳಿಸಿದ್ದೆ. ಒಬ್ಬ ಮನುಷ್ಯ ಒಂದು ಜಾಗ, ಒಂದು ಹಾಸಿಗೆಗೆ ಒಬ್ಬ ರೋಗಿ ಇದ್ದಂತೆ. ಆದರೆ ಇಲ್ಲಿ ಆ ಶಿಸ್ತು ಅವಳ ಹಕ್ಕನ್ನೇ ಅಳಿಸುತ್ತಿತ್ತು. ಗಂಡ ಬದುಕಿರುವಾಗ ಸೊಸೆಗೆ ಮಾವನ ಹೊಲದಲ್ಲಿ ವಾರಸಾ ಇಲ್ಲ. ತೀರಿಹೋದ ಮಗಳ ಮಗಳಿಗೆ ಇದೆ. ಅವಳು ಕೇಳುತ್ತಿದ್ದುದು ಅವ್ವನ ಪಾಲಿನಲ್ಲಿ ತನಗೆ ಬರಬೇಕಾದ ಅರ್ಧ.

ಅವಳ ಹೆಸರನ್ನು ಅಕ್ಕನ ಕೆಳಗೂ ಬರೆಯುತ್ತೇನೆ ಎಂದಾಗ ಫೋನಿನಲ್ಲಿ ತಮ್ಮ ಬೇಜಾರು ಮಾಡಿಕೊಂಡ. “ಹೆಂಡತಿ ಹೆಸರು ಎರಡು ಕಡೆ ಬರಿಸ್ಯಾನ, ಎರಡೂ ಕೈಲೆ ಬಾಚಾಕತ್ತಾನ ಅಂತಾರ ಮೂಡಲಗಿಯವರು. ಹೆಂಗಿದ್ರೂ ನನ್ನ ಪಾಲು ಆಕೀದೂ ಅಲ್ಲೇನು?”

“ಹಂಗಾದ್ರ ನಿನ್ನ ಪಾಲು ಆಕಿ ಹೆಸರಿಗೆ ಬರಸು” ಎಂದೆ. ಅವನು ಮಾತು ಬದಲಿಸಿ ಕಬ್ಬಿಗೆ ನೀರು ಬಿಡಬೇಕು ಎಂದ.

ನಾನೂ ಅವಳೂ ಹುಕ್ಕೇರಿಯ ತಹಸೀಲ್ದಾರ ಕಚೇರಿಗೆ ಹೋದೆವು. ಅಲ್ಲಿಯ ಗುಮಾಸ್ತ ಹಾಳೆ ನೋಡಿ ನಕ್ಕ. “ಅಕ್ಕಾರ, ನಮ್ಮ ಕಡೆ ಅರ್ಧ ಮನಿ ಹಿಂಗs ಇರತಾವರಿ. ಎರಡೂ ಕಡೆ ಬರೀರಿ. ಗಂಡನ ಬಾಜೂ ಹೆಂಡತಿ ಅಂತ. ತಾಯಿ ಕೆಳಗ ಮಗಳು ಅಂತ, ಮೃತರಿಗೆ ಮಗಳ ಮಗಳು. ವಾರಸಾ ಎರಡನೇದರಿಂದ ಬರತೈತಿ. ಆದರ ಈಕಿ ಆ ತಾಯಿ ಮಗಳು ಅನ್ನೂ ದಾಖಲೆ ಬೇಕಲ್ರಿ.”

ಅಲ್ಲಿಯೇ ಸಿಕ್ಕಿಬಿದ್ದೆವು. ಮದುವೆಯಲ್ಲಿ ಅಕ್ಕಿಯ ಮೇಲೆ ಬರೆದು ಅವಳಿಗೆ ಹೊಸ ಹೆಸರಿಟ್ಟಿದ್ದೆವು. ಆಧಾರಿನಲ್ಲಿ ಆ ಹೊಸ ಹೆಸರು, ಅದರ ಕೆಳಗೆ ಗಂಡನ ಹೆಸರು. ಅಕ್ಕನ ಮಗಳು ಎಂದು ತೋರಿಸುವ ಕಾಗದದಲ್ಲೆಲ್ಲ ಹಳೆಯ ಹೆಸರಿತ್ತು. ಸರ್ಕಾರದ ಕಣ್ಣಿಗೆ ಆ ಎರಡು ಹೆಸರಿನವರು ಬೇರೆ ಬೇರೆ ಹೆಂಗಸರು.

“ಸಾಲಿ ದಾಖಲೆ ತರ್ರಿ” ಎಂದ ಗುಮಾಸ್ತ. “ಎರಡೂ ಹೆಸರು ಒಬ್ಬಾಕೀವ ಅಂತ ಬಾಂಡ್ ಮೇಲೆ ಪ್ರಮಾಣ ಮಾಡಿಸ್ರಿ. ತಾಯಿ ಮರಣದ ದಾಖಲೆ ಬೇಕು. ಮತ್ತ ಎಲ್ಲಾ ವಾರಸುದಾರರ ಸಹಿ.”

ಎಲ್ಲ ವಾರಸುದಾರರು ಎಂದರೆ ಅವಳ ಅಣ್ಣನೂ ಸೇರಿದ. ತಂಗಿಯನ್ನು ಬಿಟ್ಟರೆ ಅಕ್ಕನ ಪಾಲು ಪೂರ್ತಿ ಅವನದು. ಬಸ್ಸಿನಲ್ಲಿ ಮೂಡಲಗಿಗೆ ಹೋಗುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ನನಗೆ ಮೊಣಕಾಲು ನೋಯುತ್ತಿತ್ತು. ಇಷ್ಟು ಸಣ್ಣ ಕುಟುಂಬವನ್ನು ಒಂದು ಹಾಳೆಯ ಮೇಲೆ ಕೂರಿಸಲು ಇಷ್ಟು ಊರು ಸುತ್ತಬೇಕೇ ಎನಿಸಿತು.

ಅವ್ವ ಇದ್ದಾಗ ಅವಳನ್ನು ಸೇರಿಸಿದ್ದ ಅಲ್ಲಿಯ ಶಾಲೆಯಲ್ಲಿ ದಾಖಲೆ ಸಿಕ್ಕಿತು. ಹಳೆಯ ಹೆಸರು, ತಂದೆಯ ಹೆಸರು, ತಾಯಿಯ ಹೆಸರು. ಆಮೇಲೆ ಅವಳ ಅಣ್ಣನ ಮನೆಗೆ ಹೋದೆವು. ಅವನು ಕುರಿಗಳನ್ನು ಹಟ್ಟಿಯಲ್ಲಿ ಕೂಡಿಹಾಕಿ ಕೈ ತೊಳೆದು ಬಂದು ಕುಳಿತ.

“ಗಂಡನ ಹೊಲಾನೂ ಬೇಕು, ಅವ್ವನ ಪಾಲೂ ಬೇಕು. ಭಾರಿ ಶಾಣ್ಯಾಕಿ ಆಗೀಯವ್ವಾ.”

“ಗಂಡನ ಹೊಲ ಗಂಡಂದು” ಎಂದಳು ಅವಳು. “ನೀ ಅವ್ವನ ಮಗ ಹೌದಲ್ಲೋ? ಹಂಗs ನಾ ಮಗಳು.”

“ಮಾಮಾ ಕಳಿಸ್ಯಾನೇನು?”

“ನಿಮ್ಮ ಮಾಮಾ ಬ್ಯಾಡಂದಾನ” ಎಂದೆ ನಾನು. “ನೀ ಏನು ತಿಳಕೋತಿ ಅಂತ ಅಂಜಿ.”

ಅದಕ್ಕೆ ಅವನಿಗೆ ನಗು ಬಂತು. ಸೋದರಮಾವನೂ ಆದ, ತಂಗಿಯ ಗಂಡನೂ ಆದ ಮನುಷ್ಯ ತನಗೆ ಅಂಜುತ್ತಾನೆ ಎನ್ನುವುದು ಅವನಿಗೆ ಹೊಸ ಸುದ್ದಿ. ಆದರೂ ಸಹಿ ಮಾಡಲಿಲ್ಲ. ಊಟ ಮಾಡಿಸಿದ. ರೊಟ್ಟಿ, ಝುಣಕ, ಮೊಸರು. ಉಂಡಾದ ಮೇಲೆ ಶಾಲೆಯ ದಾಖಲೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಓದಿದ. ತಾಯಿಯ ಹೆಸರಿನ ಮೇಲೆ ಬೆರಳಿಟ್ಟ. ಆಮೇಲೆ ತಂಗಿಯನ್ನು ಹಳೆಯ ಹೆಸರಿನಿಂದ ಕರೆದು ನೀರು ಕೇಳಿದ. ಅವಳು ಎದ್ದು ಹೋಗಿ ತಂಬಿಗೆ ತಂದಳು.

“ಚಿಗವ್ವಾ, ಎಲ್ಲಿ ಸಹಿ ಮಾಡಬೇಕು ತೋರಿಸು” ಎಂದ. “ಆದರ ಹೊಲ ಮಾರೂದಾದ್ರ ನನ್ನ ಕೇಳಿ ಮಾರಬೇಕಾಕಿ.”

“ಮಾರಾಕ ಅಲ್ಲೋ ಬರಸಾಕತ್ತಿದ್ದು” ಎಂದಳು ಅವಳು.

ಮತ್ತೆ ಹುಕ್ಕೇರಿಗೆ ಹೋಗಿ ಕಾಗದಗಳನ್ನು ಕೊಟ್ಟೆವು. ತಮ್ಮನೂ ಬಂದಿದ್ದ, ದೂರ ನಿಂತಿದ್ದ. ಸ್ಥಳ ವಿಚಾರಣೆಗೆ ಊರಿಗೆ ಬರುತ್ತೇವೆ, ಹಿರಿಯರ ಮುಂದೆ ಪಂಚನಾಮೆ ಮಾಡುತ್ತೇವೆ ಎಂದರು ಕಚೇರಿಯವರು. ಅಲ್ಲಿಯವರೆಗೆ ಕಾಯಬೇಕು. ಬಾಂಡ್ ಮೇಲಿನ ಪ್ರಮಾಣಪತ್ರದ ಕೊನೆಗೆ ಅವಳ ಸಹಿ ಇನ್ನೂ ಬಾಕಿ ಇತ್ತು. ಯಾವ ಹೆಸರು ಬರೆಯಲಿ ಎಂಬಂತೆ ನನ್ನ ಕಡೆ ನೋಡಿದಳು.

“ಎರಡೂ ಬರಿ. ನಡುವ ಉರ್ಫ್ ಹಾಕು.”

ಹೊಸ ಹೆಸರನ್ನು ಸರಸರನೆ ಬರೆದಳು. ಉರ್ಫ್ ಎಂದಳು, ಬರೆದಳು. ಹಳೆಯದನ್ನು ಬರೆಯಲು ಹೊತ್ತು ಹಿಡಿಯಿತು. ಶಾಲೆಯ ಮಕ್ಕಳ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಗೆರೆಯ ಮೇಲೆ ಕೂರಿಸಿದಳು. ನಾನು ಗೋಡೆಗೆ ಒರಗಿ ನಿಂತೆ. ಅವಸರ ಮಾಡು ಎನ್ನಲಿಲ್ಲ.